ಖಾಲಿ ಯಂತ್ರಕ್ಕೊಂದು ಹುಳಿಸ್ನಾನ

ಚೆನ್ನೈಯಲ್ಲಿ ಸಂಸಾರ ಹೂಡಿದ ಕನ್ನಡಿಗರು ಮೊದಮೊದಲು ಕಲಿಯುವ ತಮಿಳು ಮಾತುಗಳಲ್ಲಿ ಎರಡು ನೀರಿಗೆ ಸಂಬಂಧಿಸಿದವು. ‘ನಲ್ಲ ತಣ್ಣಿ’ ಎಂದರೆ ಕುಡಿಯುವುದಕ್ಕೂ ಬೇಳೆ ಬೇಯಿಸುವುದಕ್ಕೂ ಒದಗುವ ನೀರು. ‘ಉಪ್ಪು ತಣ್ಣಿ’ ಎಂದರೆ ಕೊಳವೆಬಾವಿಯಿಂದ ಮೇಲೆ ಬಂದು, ಸ್ನಾನಕ್ಕೆ, ನೆಲ ಒರೆಸುವುದಕ್ಕೆ ಸಲ್ಲುವ ನೀರು. ನಮ್ಮೂರಿನವರು ಸಿಹಿನೀರು, ಸವಳುನೀರು ಎಂದು ಮಾಡುವ ಭೇದವೇ ಇದು. ಆದರೆ ಈ ನಗರದ ಬಹುಮಹಡಿ ವಸತಿಗಳಲ್ಲಿ ಈ ಎರಡೂ ನೀರು ನೆಲದಡಿಯ ಒಂದೇ ಸಂಪಿನಲ್ಲಿ ಕೂಡಿಕೊಂಡು, ಮಹಡಿಯ ಮೇಲಿನ ತೊಟ್ಟಿಗೆ ಏರಿ, ಯಾವ ಗುರುತೂ ಇಲ್ಲದೆ ನಲ್ಲಿಗೆ ಇಳಿಯುತ್ತವೆ. ಬೇಳೆ ಬೇಯದಿದ್ದರೆ ಅಡುಗೆ ಮಾಡುವವರಿಗೆ ಒಡನೆ ಗೊತ್ತಾಗುತ್ತದೆ. ಪಾತ್ರೆ ತೊಳೆಯುವ ಯಂತ್ರ ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದು, ಒಂದು ದಿನ ಬಿಳಿಚಿಕೊಂಡ ಲೋಟಗಳನ್ನು ನಮ್ಮ ಕೈಗಿಡುತ್ತದೆ.

ಡಿಷ್‌ವಾಷರ್ ಕೊಂಡವರೆಲ್ಲ ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆಯಿದೆ: ಯಂತ್ರವನ್ನು ಖಾಲಿ ಇಟ್ಟು, ಸಿಟ್ರಿಕ್ ಆಮ್ಲವನ್ನೋ ಅಂಗಡಿಯ ಶುದ್ಧಿದ್ರವವನ್ನೋ ಹಾಕಿ ಎಷ್ಟು ದಿನಕ್ಕೊಮ್ಮೆ ಓಡಿಸಬೇಕು? ತಿಂಗಳಿಗೊಮ್ಮೆ ಎನ್ನುವವರಿದ್ದಾರೆ, ಆರು ತಿಂಗಳಿಗೊಮ್ಮೆ ಸಾಕು ಎನ್ನುವವರೂ ಇದ್ದಾರೆ. ಇಬ್ಬರೂ ತಮ್ಮ ತಮ್ಮ ನೀರಿನ ಮಟ್ಟಿಗೆ ಸರಿಯೇ. ಮುಂಬಯಿಯ ಸರೋವರಗಳ ಮೆದು ನೀರಿಗೂ, ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಬಡಾವಣೆಗೂ, ಅದೇ ಬೆಂಗಳೂರಿನ ಅಂಚಿನಲ್ಲಿ ಕೊಳವೆಬಾವಿಯನ್ನೇ ನೆಚ್ಚಿದ ವಸತಿಗೂ ಒಂದೇ ಉತ್ತರ ಇರಲಾರದು. ಚೆನ್ನೈಯಲ್ಲಂತೂ ಒಂದೇ ಮನೆಗೆ ವರ್ಷದುದ್ದಕ್ಕೂ ಒಂದೇ ಉತ್ತರವಿಲ್ಲ. ಈಶಾನ್ಯ ಮಳೆಗಾಲ ಕಳೆದ ಮೇಲೆ ಪುಳಲ್, ಚೆಂಬರಂಬಾಕ್ಕಂ ಕೆರೆಗಳಿಂದ, ಕಡಲೂರು ಜಿಲ್ಲೆಯ ವೀರಾಣಂ ಕೆರೆಯಿಂದ, ಮೀಂಜೂರು ಮತ್ತು ನೆಮ್ಮೇಲಿಯ ಸಮುದ್ರನೀರಿನ ಸ್ಥಾವರಗಳಿಂದ ಬರುವ ಮೆಟ್ರೋವಾಟರ್ ಸಾಕಷ್ಟು ಮೆದುವಾಗಿರುತ್ತದೆ. ವೀರಾಣಂ ಕೆರೆ ತುಂಬುವುದು ಕೊಳ್ಳಿಡಂ ಹಾದಿಯಾಗಿ ಇಳಿದ ಕಾವೇರಿಯಿಂದ. ಆದ್ದರಿಂದ ನಮ್ಮ ನಲ್ಲಿಯಲ್ಲಿ ಆಗಾಗ ಕೊಡಗಿನ ನೀರೇ ಸುರಿಯುತ್ತದೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಬೇಸಗೆ ಬಲಿತಾಗ ಆ ಹೆಮ್ಮೆಗೆ ಎಡೆಯಿಲ್ಲ. 2019ರಲ್ಲಿ ಕೆರೆಗಳು ಬತ್ತಿ, ಜುಲೈ ತಿಂಗಳಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಿಸಿದ ನಗರವಿದು. ಅಷ್ಟು ಬರವಿಲ್ಲದ ವರ್ಷಗಳಲ್ಲಿಯೂ ಏಪ್ರಿಲಿನಿಂದ ಜೂನ್‌ವರೆಗೆ ಲಾರಿಯ ನೀರು, ಕೊಳವೆಬಾವಿಯ ನೀರು ಸಂಪಿಗೆ ಬೀಳುವುದು ವಾಡಿಕೆ.

ನಮ್ಮ ಮನೆಯಲ್ಲಿ ಯಂತ್ರ ಬಂದದ್ದು ಅತ್ತೆಯವರ ಬೆರಳುಗಳ ಸಲುವಾಗಿ. ಸಂಧಿವಾತದಿಂದ ಸೊಟ್ಟಗಾದ ಕೈಗಳಿಂದ ಅವರು ಪಾತ್ರೆ ಉಜ್ಜುವುದನ್ನು ನಿಲ್ಲಿಸಲು ನಮ್ಮ ಮಾತು ಸಾಲದೆ, ಯಂತ್ರವೇ ಬರಬೇಕಾಯಿತು. ನಾಲ್ಕನೆಯ ಬೇಸಗೆಯಲ್ಲಿ ಅವರೇ ಮೊದಲು ಕೆಡುಕನ್ನು ಕಂಡರು. ‘ಲೋಟ ಒರಟಾಗಿದೆ ಕಣಮ್ಮ, ಇದನ್ನು ನಾನೇ ತೊಳೆದುಬಿಡುತ್ತೇನೆ’ ಎಂದು ಸಿಂಕಿನ ಬಳಿ ನಿಂತರು. ರಿಪೇರಿಗೆ ಬಂದ ತಂತ್ರಜ್ಞ ಬಾಗಿಲು ತೆರೆದು ನೋಡಿ, ಒಳಗಿನ ಹೀಟರಿಗೆ ಸುಣ್ಣ ಕಟ್ಟಿದೆ, ಬದಲಿಸಬೇಕು ಎಂದು ಹೇಳಿ ದೊಡ್ಡ ಮೊತ್ತವೊಂದನ್ನು ಬರೆದುಕೊಟ್ಟು ಹೋದ. ಆ ಚೀಟಿಗೆ ಒಪ್ಪಿಗೆ ಕೊಡುವ ಮೊದಲು, ಒಳಗೆ ಕಟ್ಟಿರುವುದು ಏನು, ಎಲ್ಲಿಂದ ಬಂತು ಎಂದು ತಿಳಿಯಬೇಕೆಂದು ನಾವು ನಿಶ್ಚಯಿಸಿದೆವು. ಮುಂದೆ ಬರೆದಿರುವುದೆಲ್ಲ ಆ ವಿಚಾರಣೆಯ ಫಲ.

ಯಂತ್ರದೊಳಗೆ ಕಟ್ಟುವ ಕಸ ಎರಡು ಬಗೆಯದು. ಇವೆರಡರ ಭೇದ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಒಂದು ಸುಣ್ಣ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾಯಿಸಿದಾಗ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಕೂರುತ್ತದೆ. ಊರಿನ ಬಚ್ಚಲುಮನೆಯ ಹಂಡೆಯ ಒಳಗೆ ಪದರಪದರವಾಗಿ ಬೆಳೆಯುತ್ತಿದ್ದ ಬಿಳಿಯ ಪೊರೆ ಇದೇ. ನೀರು ಎಲ್ಲಿ ಹೆಚ್ಚು ಕಾಯುವುದೋ ಅಲ್ಲಿ ಅದು ಮೊದಲು ಕಟ್ಟುವುದರಿಂದ ಹೀಟರಿಗೆ ತೊಂದರೆ. ಇನ್ನೊಂದು ಜಿಡ್ಡು. ಒಗ್ಗರಣೆಯ ಎಣ್ಣೆ, ತೆಂಗಿನಕಾಯಿಯ ಕೊಬ್ಬು, ಅನ್ನದ ಗಂಜಿ, ದೋಸೆಹಿಟ್ಟು ಇವೆಲ್ಲ ಸೇರಿ ಜಾಲರಿಯಲ್ಲಿ, ಬಾಗಿಲಿನ ಕೆಳ ಅಂಚಿನಲ್ಲಿ, ನೀರು ಹೊರಹೋಗುವ ಕೊಳವೆಯಲ್ಲಿ ಕಂದು ಬಣ್ಣದ ಲೋಳೆಯಾಗುತ್ತವೆ. ಸುಣ್ಣಕ್ಕೆ ಬೇಕಾದದ್ದು ಹುಳಿ. ಜಿಡ್ಡಿಗೆ ಬೇಕಾದದ್ದು ಬಿಸಿ ಮತ್ತು ಕ್ಷಾರ. ಹುಳಿ ಎಷ್ಟೇ ಸುರಿದರೂ ಜಿಡ್ಡು ಹೋಗದು, ಸಾಬೂನು ಎಷ್ಟೇ ಹಾಕಿದರೂ ಸುಣ್ಣ ಕರಗದು. ಅನುಮಾನವಿದ್ದರೆ, ಯಂತ್ರದ ಗೋಡೆಯ ಒಣಗಿದ ಕಲೆಯ ಮೇಲೆ ನಿಂಬೆರಸದ ಎರಡು ಹನಿ ಬಿಟ್ಟು ಕಾಯಬೇಕು. ಸಣ್ಣ ಗುಳ್ಳೆಗಳೆದ್ದು ಕಲೆ ಮಾಯವಾದರೆ ಅದು ಸುಣ್ಣ. ಹನಿ ಜಾರಿಹೋಗಿ ಕಲೆ ಹಾಗೆಯೇ ಉಳಿದರೆ ಬಹುತೇಕ ಜಿಡ್ಡು.

ನಮ್ಮ ಯಂತ್ರದ ಬಾಗಿಲಿನ ಒಳಮೈಯಲ್ಲಿ ಗುಳ್ಳೆ ಎದ್ದವು. ಹಾಗಾದರೆ ನೀರು ಎಷ್ಟು ಗಡಸು? ಇಲ್ಲಿನ ಮನೆಗಳಲ್ಲೆಲ್ಲ ಇರುವ ಟಿಡಿಎಸ್ ಮೀಟರ್ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಮೊತ್ತದ ಅಂದಾಜು ಮಾತ್ರ; ಅದರಲ್ಲಿ ಸುಣ್ಣದ ಪಾಲೆಷ್ಟು, ಅಡುಗೆ ಉಪ್ಪಿನಂಥದ್ದರ ಪಾಲೆಷ್ಟು ಎಂದು ಅದಕ್ಕೆ ತಿಳಿಯದು. ಗಡಸುತನ ತೆಗೆಯುವ ಸ್ಥಾವರದಿಂದ ಹೊರಬಂದ ನೀರಿನಲ್ಲಿಯೂ ಮೀಟರ್ ಹೆಚ್ಚುಕಡಿಮೆ ಹಳೆಯ ಅಂಕಿಯನ್ನೇ ತೋರಿಸುತ್ತದೆ, ಏಕೆಂದರೆ ಅಲ್ಲಿ ಕ್ಯಾಲ್ಸಿಯಂ ಹೋಗಿ ಅದರ ಜಾಗಕ್ಕೆ ಸೋಡಿಯಂ ಬಂದಿರುತ್ತದೆ. ಇದಕ್ಕೆ ಬೇಕಾದದ್ದು ಹನಿ ಎಣಿಸುವ ಗಡಸುತನದ ಕಿಟ್. ಅಲಂಕಾರದ ಮೀನು ಮಾರುವ ಅಂಗಡಿಯಲ್ಲಿಯೂ ಅದು ಸಿಗುತ್ತದೆ. ಸಣ್ಣ ನಳಿಗೆಯಲ್ಲಿ ಗುರುತಿನವರೆಗೆ ನೀರು ತುಂಬಿ, ಬಣ್ಣ ಬದಲಾಗುವವರೆಗೆ ಒಂದೊಂದೇ ಹನಿ ಬಿಟ್ಟು ಎಣಿಸಬೇಕು. ನಾವು ತಂದ ಕಿಟ್‌ನಲ್ಲಿ ಒಂದು ಹನಿ ಎಂದರೆ ಜರ್ಮನ್ ಅಳತೆಯ ಒಂದು ಡಿಗ್ರಿ, ಅಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಸುಣ್ಣ. ಏಪ್ರಿಲಿನ ಆ ದಿನ 28 ಹನಿ ಬೇಕಾಯಿತು. ಲೀಟರಿಗೆ ಸುಮಾರು 500 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 200 ಮಿಲಿಗ್ರಾಂ ಅಪೇಕ್ಷಿತ ಮಿತಿ. ಬೇರೆ ನೀರಿಲ್ಲದಿದ್ದರೆ 600ರವರೆಗೆ ಸಹಿಸಬಹುದು. ಮಳೆಗಾಲ ಕಳೆದು ಜನವರಿಯಲ್ಲಿ ಅದೇ ನಲ್ಲಿಯ ನೀರಿಗೆ ಏಳು ಹನಿ ಸಾಕಾಯಿತು. ಒಂದೇ ನಲ್ಲಿ, ನಾಲ್ಕು ಪಟ್ಟು ಅಂತರ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಯಂತ್ರ ಒಂದು ಸಲಕ್ಕೆ ಸುಮಾರು 12 ಲೀಟರ್ ನೀರು ಬಳಸುತ್ತದೆಂದು ಹಿಡಿದರೆ, ಆ ಬೇಸಗೆಯ ನೀರಿನಲ್ಲಿ ಪ್ರತಿ ತೊಳೆತಕ್ಕೆ ಆರು ಗ್ರಾಂ ಸುಣ್ಣ ಒಳಹೊಕ್ಕಿತು. ದಿನಕ್ಕೊಂದು ತೊಳೆತದಂತೆ ತಿಂಗಳಿಗೆ 180 ಗ್ರಾಂ. ಅದರಲ್ಲಿ ಬಹುಪಾಲು ಕೊಳಕು ನೀರಿನೊಡನೆ ಹೊರಗೆ ಹೋಗುತ್ತದೆ, ನಿಜ. ಇನ್ನೊಂದು ಕಡೆ, 50 ಗ್ರಾಂ ಸಿಟ್ರಿಕ್ ಆಮ್ಲ ತನ್ನ ಶಕ್ತಿಯನ್ನೆಲ್ಲ ವ್ಯಯಿಸಿದರೂ ತೊಡೆಯಬಲ್ಲ ಸುಣ್ಣ ಹೆಚ್ಚೆಂದರೆ 39 ಗ್ರಾಂ. ಎಂದಮೇಲೆ, ಗಡಸು ನೀರನ್ನು ಹಾಗೆಯೇ ಒಳಗೆ ಬಿಟ್ಟುಕೊಂಡು, ತಿಂಗಳಿಗೊಮ್ಮೆ ಹುಳಿ ಹಾಕಿ ಸರಿಪಡಿಸುತ್ತೇವೆ ಎನ್ನುವುದು ಒಡೆದ ಏರಿಗೆ ಬುಟ್ಟಿಮಣ್ಣು ಹಾಕಿದಂತೆ. ಸುಣ್ಣವನ್ನು ಬಾಗಿಲಲ್ಲೇ ತಡೆಯುವ ಕೆಲಸ ಯಂತ್ರದ ತಳದಲ್ಲಿರುವ ಉಪ್ಪಿನ ಕೋಣೆಯದು. ಅಲ್ಲಿರುವ ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಉಪ್ಪುನೀರು ಹರಿದು ಅವನ್ನು ಮತ್ತೆ ಹಸನು ಮಾಡುತ್ತದೆ. ಎಷ್ಟು ತೊಳೆತಕ್ಕೊಮ್ಮೆ ಹೀಗೆ ಹಸನು ಮಾಡಬೇಕೆಂಬುದನ್ನು ಯಂತ್ರ ತಾನಾಗಿ ತಿಳಿಯದಿದ್ದರೆ, ಗಡಸುತನದ ಅಂಕಿಯನ್ನು ನಾವೇ ಕೂರಿಸಬೇಕು. ನಮ್ಮಲ್ಲಿ ಯಂತ್ರ ಅಳವಡಿಸಿದವರು ಅಂದಿನ ಮೆಟ್ರೋವಾಟರಿಗೆ ತಕ್ಕ ಕೆಳಗಿನ ಮೆಟ್ಟಿಲನ್ನು ಇರಿಸಿದ್ದರು. ಆಮೇಲೆ ವಸತಿಯ ಸಂಪಿಗೆ ಕೊಳವೆಬಾವಿಯ ನೀರು ಬೆರೆತಿತು. ಅಂಕಿ ಮಾತ್ರ ಅಲ್ಲೇ ನಿಂತಿತ್ತು. ಕೈಪಿಡಿಯ ಪಟ್ಟಿಯಲ್ಲಿ 28 ಡಿಗ್ರಿ ಯಾವ ಮೆಟ್ಟಿಲಿಗೆ ಬರುತ್ತದೆಂದು ನೋಡಿ ಅದನ್ನು ಏರಿಸಿದೆವು, ಯಂತ್ರಕ್ಕೆಂದೇ ಮಾರುವ ಹರಳುಪ್ಪು ತುಂಬಿದೆವು. ತುಂಬುವಾಗ ಚೆಲ್ಲಿದ ಉಪ್ಪನ್ನು ಒರೆಸಿ ಒಡನೆ ಒಂದು ತೊಳೆತ ಓಡಿಸಬೇಕು; ಇಲ್ಲವಾದರೆ ಉಪ್ಪುನೀರು ಸ್ಟೀಲನ್ನು ತಿನ್ನುತ್ತದೆ. ಸಿಟ್ರಿಕ್ ಆಮ್ಲವನ್ನಾಗಲಿ ಸಾಬೂನನ್ನಾಗಲಿ ಈ ಕೋಣೆಗೆ ಎಂದೂ ಹಾಕಬಾರದು.

ಇಷ್ಟಾದ ಮೇಲೆ ಬಂದದ್ದು ಹಳೆಯ ಸುಣ್ಣವನ್ನು ಇಳಿಸುವ ಕೆಲಸ. ಮೊದಲ ದಿನ ಜಾಲರಿಯನ್ನು ಹೊರತೆಗೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಲ್ಲಿಯಡಿ ತಿಕ್ಕಿದೆವು. ನೀರು ಚಿಮ್ಮುವ ತೋಳುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಕೆಳಗಿನ ತೋಳಿನ ಹಲವು ರಂಧ್ರಗಳು ಮುಚ್ಚಿಹೋಗಿದ್ದವು. ಹಲ್ಲುಕಡ್ಡಿಯಿಂದ ಚುಚ್ಚಿ, ಅಲುಗಾಡಿಸಿ, ಒಳಗಿನ ಚಕ್ಕೆಗಳನ್ನು ಉದುರಿಸಿದೆವು. ಬಾಗಿಲಿನ ಅಂಚಿಗೂ ರಬ್ಬರಿನ ಸಂದಿಗೂ ಚಿಮ್ಮುವ ನೀರು ತಲುಪುವುದಿಲ್ಲವಾದ್ದರಿಂದ ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಬಳಿಕ ಪಾತ್ರೆಯಿಲ್ಲದೆ, ಮಾಮೂಲಿನ ಡಿಟರ್ಜೆಂಟ್ ಹಾಕಿ, 70 ಡಿಗ್ರಿಯ ತೊಳೆತವನ್ನು ಪೂರ್ತಿ ಓಡಿಸಿದೆವು. ಜಿಡ್ಡಿಗೆ ಮೊದಲ ಸರದಿ ಕೊಡಲು ಕಾರಣವಿದೆ: ಸುಣ್ಣದ ಮೇಲೆ ಎಣ್ಣೆಯ ಪೊರೆಯಿದ್ದರೆ ಹುಳಿ ಸುಣ್ಣವನ್ನು ಮುಟ್ಟಲಾರದು.

ಹುಳಿಯ ತೊಳೆತ ಎರಡನೆಯದು, ಪ್ರತ್ಯೇಕವಾದದ್ದು. ಇದರಲ್ಲಿ ಡಿಟರ್ಜೆಂಟ್ ಇರಲೇಬಾರದು. ಡಿಟರ್ಜೆಂಟಿನ ಕ್ಷಾರ ಹುಳಿಯನ್ನು ಕೊಂದು, ಎರಡೂ ವ್ಯರ್ಥವಾಗುತ್ತವೆ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲ ಮಾಮೂಲಿನ ಶುದ್ಧಿಗೆ 50 ಗ್ರಾಂ ಸಾಕು, ಅಂದರೆ ದೊಡ್ಡ ಚಮಚದಲ್ಲಿ ಮೂರೂವರೆಯಿಂದ ನಾಲ್ಕು. ಬಲವಾಗಿ ಕಟ್ಟಿದ್ದರಿಂದ ನಾವು ಮೊದಲ ಸಲ 100 ಗ್ರಾಂ ತೆಗೆದುಕೊಂಡೆವು. ಅದನ್ನು ಎಲ್ಲಿ, ಯಾವಾಗ ಹಾಕಬೇಕೆಂಬುದು ಅಳತೆಯಷ್ಟೇ ಮುಖ್ಯ. ಬಹಳ ಮಂದಿ ಖಾಲಿ ಯಂತ್ರದ ತಳಕ್ಕೆ ಸುರಿದು ಗುಂಡಿ ಒತ್ತುತ್ತಾರೆ. ಅನೇಕ ತೊಳೆತಗಳ ಆರಂಭದಲ್ಲಿ ತಣ್ಣೀರಿನ ಮುನ್ನೀರಾಟವೊಂದು ಇರುತ್ತದೆ. ಆ ನೀರು ಹೊರಗೆ ಹೋಗುವಾಗ ಹುಳಿಯನ್ನೆಲ್ಲ ಕೊಂಡೊಯ್ಯುತ್ತದೆ, ಬಿಸಿನೀರು ಬರುವ ಹೊತ್ತಿಗೆ ಒಳಗೇನೂ ಉಳಿದಿರುವುದಿಲ್ಲ. ಆದ್ದರಿಂದ ಡಿಟರ್ಜೆಂಟ್ ಹಾಕುವ ಮುಚ್ಚಳದ ಬಟ್ಟಲಿನಲ್ಲಿ ಹಿಡಿಸಿದಷ್ಟನ್ನು ತುಂಬಿ ಮುಚ್ಚುವುದು ಲೇಸು; ಅದು ಮುಖ್ಯ ತೊಳೆತದಲ್ಲೇ ತೆರೆದುಕೊಳ್ಳುತ್ತದೆ. ಉಳಿದದ್ದನ್ನು, ಮೊದಲ ನೀರು ಹೊರಹೋಗಿ ಎರಡನೆಯ ನೀರು ತುಂಬಿದ ಸದ್ದು ಕೇಳಿದ ಮೇಲೆ, ಬಾಗಿಲನ್ನು ಮೆಲ್ಲಗೆ ತೆರೆದು ತಳಕ್ಕೆ ಹಾಕಿ ಮುಚ್ಚಬೇಕು. ಚೆನ್ನೈಯ ಗಾಳಿಯ ತೇವಕ್ಕೆ ಈ ಪುಡಿ ಬೇಗ ಗಟ್ಟಿಕಟ್ಟುವುದರಿಂದ ಬಟ್ಟಲಿಗೆ ತುಂಬಿ ರಾತ್ರಿಯಿಡೀ ಬಿಡಬಾರದು. ಚೆಲ್ಲಿದ ಹುಳಿ ಕಟ್ಟೆಯ ಗ್ರಾನೈಟಿಗೆ ಏನೂ ಮಾಡದು. ಆದರೆ ಇಲ್ಲಿನ ಅಡುಗೆಮನೆಗಳಲ್ಲಿ ಕಪಾಟಿಗೆ ಹಾಕಿರುವ ಕಡಪ ಕಲ್ಲು ಸುಣ್ಣಕಲ್ಲಿನ ಜಾತಿಯದು, ಅಮೃತಶಿಲೆಯೂ ಅಷ್ಟೆ. ಅವುಗಳ ಮೇಲೆ ಬಿದ್ದರೆ ಮಂಕು ಕಲೆ ಅಳಿಸದಂತೆ ಉಳಿಯುತ್ತದೆ.

ಬಿಸಿ ಹೆಚ್ಚಿದಷ್ಟೂ ಒಳ್ಳೆಯದೆಂಬುದು ಜಿಡ್ಡಿನ ಮಟ್ಟಿಗೆ ಸರಿ, ಸಿಟ್ರಿಕ್ ಆಮ್ಲದ ಮಟ್ಟಿಗೆ ಅಲ್ಲ. ಹುಳಿ ಸುಣ್ಣದೊಡನೆ ಸೇರಿದಾಗ ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ನೀರಿನಲ್ಲಿ ಅಷ್ಟಾಗಿ ಕರಗದ ವಸ್ತು; ಸಕ್ಕರೆ, ಉಪ್ಪುಗಳಂತಲ್ಲದೆ ಅದು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಸುಣ್ಣ ಬಹಳವಿದ್ದು, ಹುಳಿಯೂ ಬಹಳವಾಗಿ, ನೀರು ಸುಡುಸುಡು ಇದ್ದರೆ ಒಂದು ಬಿಳುಪನ್ನು ತೆಗೆದು ಇನ್ನೊಂದು ಬಿಳುಪನ್ನು ಕೂರಿಸಿದಂತಾಗಬಹುದು. ಹೀಗಾಗಿ ನಾವು 50ರಿಂದ 60 ಡಿಗ್ರಿಯ ತೊಳೆತವನ್ನು ಆರಿಸಿದೆವು. ಮುಗಿದ ಮೇಲೆ ಜಾಲರಿಯಲ್ಲಿ ಮೊಟ್ಟೆಯ ಚಿಪ್ಪಿನಂಥ ಚಕ್ಕೆಗಳು ಹಿಡಿಯಷ್ಟು ಸಿಕ್ಕಿದವು. ಅವನ್ನು ತೆಗೆದು, ವಾರ ಬಿಟ್ಟು, 50 ಗ್ರಾಂ ಹುಳಿಯಿಂದ ಇನ್ನೊಂದು ತೊಳೆತ ಮಾಡಿದೆವು. ಒಂದೇ ಸಲಕ್ಕೆ 200 ಗ್ರಾಂ ಸುರಿಯುವುದಕ್ಕಿಂತ ಹೀಗೆ ಎರಡು ಕಂತಿನಲ್ಲಿ ಇಳಿಸುವುದು ಯಂತ್ರಕ್ಕೂ ಹಿತ.

ಅಂಗಡಿಯ ಶುದ್ಧಿದ್ರವದ ಶೀಸೆಯ ನಡತೆ ಬೇರೆ. ಅದರಲ್ಲಿ ಹುಳಿಯ ಜೊತೆಗೆ ಜಿಡ್ಡು ಬಿಡಿಸುವ ದ್ರವವೂ ಇರುತ್ತದೆ. ಬಾಯಿಗೆ ಮೇಣದ ಬಿರಡೆ. ಮೇಲಿನ ಚೀಟಿಯನ್ನು ಕಿತ್ತು, ಮುಚ್ಚಳ ತೆಗೆಯದೆ, ಕೆಳಗಿನ ಬುಟ್ಟಿಯಲ್ಲಿ ತಲೆಕೆಳಗಾಗಿ ನಿಲ್ಲಿಸಬೇಕು. ನೀರು ಕಾದು ಮೇಣ ಕರಗಿದ ಮೇಲೆ ದ್ರವ ಇಳಿಯುತ್ತದೆ. ಇದಕ್ಕೆ 65 ಡಿಗ್ರಿಗೆ ಕಡಿಮೆಯಿಲ್ಲದ ತೊಳೆತ ಬೇಕು; ನೀರು ಸಾಕಷ್ಟು ಕಾಯದಿದ್ದರೆ ಶೀಸೆ ತುಂಬಿಕೊಂಡೇ ಹೊರಬರುತ್ತದೆ. ವರ್ಷಕ್ಕೆ ಒಂದೆರಡು ಸಲ ಇದನ್ನು ಬಳಸುವುದು ಅನುಕೂಲ, ಏಕೆಂದರೆ ಎರಡೂ ಕಸಗಳಿಗೆ ಒಂದೇ ತೊಳೆತ ಸಾಕಾಗುತ್ತದೆ. ಯಂತ್ರದ ಕೈಪಿಡಿ ಇಂಥದ್ದನ್ನೇ ಬಳಸಿ ಎಂದು ಹೇಳಿದ್ದರೆ, ವಾರಂಟಿ ಮುಗಿಯುವವರೆಗಾದರೂ ಅದರಂತೆ ನಡೆಯುವುದು ಸರಿ. ಬ್ಲೀಚನ್ನು ಮಾತ್ರ ಯಂತ್ರದ ಹತ್ತಿರ ತರಬಾರದು. ತೊಟ್ಟಿ ತೊಳೆಯಲು ಬ್ಲೀಚಿಂಗ್ ಪುಡಿ ಎಲ್ಲ ವಸತಿಗಳಲ್ಲಿಯೂ ಇರುತ್ತದೆ. ಅದು ಸ್ಟೀಲಿಗೆ ಚುಕ್ಕೆ ಬೀಳಿಸುತ್ತದೆ, ಹುಳಿಯೊಡನೆ ಸೇರಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ.

ಇನ್ನು ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆ. ದಿನಗಳನ್ನಲ್ಲ, ತೊಳೆತಗಳನ್ನು ಎಣಿಸಬೇಕೆಂಬುದು ನಮ್ಮ ಮೊದಲ ತೀರ್ಮಾನ; ದಿನಕ್ಕೆರಡು ಸಲ ಓಡಿಸುವ ಕೂಡುಕುಟುಂಬಕ್ಕೂ ವಾರಕ್ಕೆರಡು ಸಲ ಓಡಿಸುವ ಇಬ್ಬರ ಮನೆಗೂ ‘ತಿಂಗಳಿಗೊಮ್ಮೆ’ ಎಂಬ ಮಾತು ಒಂದೇ ಅಲ್ಲ. ನಮ್ಮ ರೂಢಿ ಹೀಗಿದೆ: ಲಾರಿನೀರಿನ ಮೂರು ತಿಂಗಳಲ್ಲಿ ಸುಮಾರು 30 ತೊಳೆತಕ್ಕೊಮ್ಮೆ 50 ಗ್ರಾಂ ಹುಳಿ, ಮಿಕ್ಕ ಕಾಲದಲ್ಲಿ 90 ತೊಳೆತಕ್ಕೊಮ್ಮೆ. ಏಪ್ರಿಲಿನ ಮೊದಲ ವಾರದಲ್ಲಿಯೂ ಡಿಸೆಂಬರಿನ ಕೊನೆಯಲ್ಲಿಯೂ ಹನಿ ಎಣಿಸಿ, ಉಪ್ಪಿನ ಮೆಟ್ಟಿಲನ್ನು ಏರಿಸುತ್ತೇವೆ ಅಥವಾ ಇಳಿಸುತ್ತೇವೆ. ಜಿಡ್ಡಿನ ಕಾಲಗಣನೆ ನೀರಿಗೆ ಸಂಬಂಧಿಸಿದ್ದಲ್ಲ, ಅಡುಗೆಗೆ ಸಂಬಂಧಿಸಿದ್ದು. ಸದಾ 50 ಡಿಗ್ರಿಯಲ್ಲೇ ತೊಳೆಯುವವರು ತಿಂಗಳಿಗೊಂದು ತೊಳೆತವನ್ನು 70 ಡಿಗ್ರಿಗೆ ಏರಿಸಿದರೆ ಸಾಕು. ಅದಕ್ಕೆ ಯಂತ್ರ ಖಾಲಿ ಇರಬೇಕೆಂದೂ ಇಲ್ಲ, ಕುಕ್ಕರು, ಬಾಣಲೆಗಳನ್ನೇ ತುಂಬಿ ಓಡಿಸಬಹುದು.

ಆದರೆ ಎಣಿಕೆಗಿಂತ ನೆಚ್ಚಬಹುದಾದ ಗುರುತೊಂದಿದೆ. ಹುಳಿಯ ತೊಳೆತವಾದ ಮೇಲೆ ಬಾಗಿಲಿನ ಒಳಮೈಯ ಒಂದು ಮೂಲೆಯನ್ನು ಗೊತ್ತುಮಾಡಿಕೊಂಡು, ಅದು ಒಣಗಿದ್ದಾಗ ಬೆರಳಾಡಿಸಿ ನೋಡುತ್ತಿರಬೇಕು. ನುಣುಪಾಗಿರುವವರೆಗೆ ಹುಳಿಯ ಅಗತ್ಯವಿಲ್ಲ. 30 ತೊಳೆತ ಮುಗಿಯುವ ಮೊದಲೇ ಅಲ್ಲಿ ಬಿಳುಪು ಮರಳಿದರೆ, ಹುಳಿಯನ್ನು ಹೆಚ್ಚು ಸಲ ಹಾಕಬೇಕೆಂದು ಅದರ ಅರ್ಥವಲ್ಲ. ಉಪ್ಪು ಮುಗಿದಿದೆ, ಇಲ್ಲವೆ ಅಂಕಿ ತಪ್ಪಿದೆ, ಇಲ್ಲವೆ ರಾಳ ಕೆಟ್ಟಿದೆ ಎಂದರ್ಥ. ವಾರವಾರವೂ ಹುಳಿ ಉಣಿಸಿದರೆ ಕಾರಣ ಮರೆಯಾಗುತ್ತದೆ, ರಬ್ಬರಿನ ಪಟ್ಟಿಗಳು ಬೇಗ ಸವೆಯುತ್ತವೆ. ಹುಳಿಗೂ ಬಗ್ಗದ ಬಿಳುಪು ಇನ್ನೊಂದಿದೆ. ನಮ್ಮ ಗಾಜಿನ ಲೋಟಗಳಲ್ಲಿ ನಾಲ್ಕು ಮತ್ತೆ ತಿಳಿಯಾದವು. ಎರಡನ್ನು ನಿಂಬೆರಸದಲ್ಲಿ ಅದ್ದಿಟ್ಟರೂ ಮಂಜು ಮಂಜಾಗಿಯೇ ಉಳಿದವು. ಅದು ಮೇಲೆ ಕೂತ ಸುಣ್ಣವಲ್ಲ, ಗಾಜೇ ಸವೆದದ್ದು. ಬಿಸಿ, ಡಿಟರ್ಜೆಂಟ್ ಹೆಚ್ಚಾಗಿ ನೀರು ತೀರ ಮೆದುವಾದಾಗ ಹೀಗಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಜನವರಿಯಲ್ಲಿ ಉಪ್ಪಿನ ಮೆಟ್ಟಿಲನ್ನು ಇಳಿಸಬೇಕೆನ್ನುವುದು ಈ ಕಾರಣಕ್ಕೇ.

ತಂತ್ರಜ್ಞನ ಚೀಟಿ ಕೈಪಿಡಿಯ ಪುಟಗಳ ನಡುವೆ ಮಡಿಸಿಟ್ಟಂತೆಯೇ ಇದೆ. ಹೀಟರನ್ನು ಬದಲಿಸದೆ ಎರಡು ಬೇಸಗೆ ಕಳೆದಿವೆ. ಒಳಗೆ, ನಮ್ಮ ಕಣ್ಣಿಗೆ ಕಾಣದ ಕೊಳವೆಯಲ್ಲಿ, ಎಷ್ಟು ಸುಣ್ಣ ಇಳಿಯಿತು, ಎಷ್ಟು ಉಳಿಯಿತು ಎಂದು ಹೇಳುವ ಬಗೆಯಿಲ್ಲ. ನೀರು ಕಾಯುತ್ತಿದೆ, ಲೋಟ ನುಣುಪಾಗಿದೆ. ನಿಂಬೆ ಉಪ್ಪಿನ ಡಬ್ಬಿಯನ್ನು ಹುಣಸೆಹಣ್ಣಿನ ಭರಣಿಯ ಪಕ್ಕದಲ್ಲಿಟ್ಟಿದ್ದೇವೆ. ಹುಣಸೆಹಣ್ಣಿನಿಂದ ಹಿತ್ತಾಳೆ, ತಾಮ್ರಗಳನ್ನು ಬೆಳಗಿಸಿ ಬಲ್ಲ ಅತ್ತೆಯವರಿಗೆ ಈ ಶಾಸ್ತ್ರದಲ್ಲಿ ಹೊಸದೇನೂ ಕಾಣಲಿಲ್ಲ. ತೊಳೆತಗಳ ಲೆಕ್ಕವನ್ನು ಕ್ಯಾಲೆಂಡರಿನ ಅಂಚಿನಲ್ಲಿ ಗೆರೆ ಎಳೆದು ಇಡುವ ಕೆಲಸವನ್ನು ಈಗ ಅವರೇ ವಹಿಸಿಕೊಂಡಿದ್ದಾರೆ. ಏಪ್ರಿಲ್ ಹತ್ತಿರವಾದಾಗ, ಕೆಳಗೆ ಲಾರಿಯ ಹಾರನ್ ಕೇಳಿದ ಕೂಡಲೆ, ‘ಹನಿ ಎಣಿಸಿದಿರಾ?’ ಎಂದು ನಮ್ಮನ್ನು ಕೇಳುತ್ತಾರೆ.